ಸೀಸನ್ ಕೊನೆಯ ಗೆಟ್‌ಟುಗೆದರ್‌ನಲ್ಲಿ ಕ್ಯಾಪ್ಟನ್ ಥ್ಯಾಂಕ್ಸ್ ಹೇಳೋದು ಹೇಗೆ: ಹೆಸರು ಬಿಟ್ಟು ಹೋಗದ ಹಾಗೆ, ಜನ ಫೋನ್ ತೆಗೀದ ಹಾಗೆ

ಪ್ರತಿ ವರ್ಷ ಯಾರಾದ್ರೂ ಒಬ್ಬ ಕ್ಯಾಪ್ಟನ್ ಕೇಳ್ತಾನೆ, "ಗುರು, ನಾಳೆ ಎರಡು ಮಾತು ಹೇಳ್ಬೇಕಂತೆ, ಏನ್ ಹೇಳ್ಲಿ?" ನಾಳೆ ಅಂದ್ರೆ ಆಗ್ಲೇ ಲೇಟು ಕಣಪ್ಪ. ಈ ಮಾತು ಹಾಳಾಗೋದು ಮೈಕ್ ಮುಂದೆ ನಿಂತಾಗ ಅಲ್ಲ, ಅದಕ್ಕೆ ಹತ್ತು ದಿನ ಮುಂಚೆ, ಲಿಸ್ಟ್ ಮಾಡದೇ ಇದ್ದಾಗ.

ನಾನು ಮೊದಲ ಸಲ ಕ್ಯಾಪ್ಟನ್ ಆದಾಗ ಮಾಡಿದ್ದು ಅದೇ ತಪ್ಪು. ಹನ್ನೊಂದು ಜನ ಪ್ಲೇಯರ್ಸ್ ಹೆಸರು ಹೇಳ್ದೆ, ಕೋಚ್, ಸೆಕ್ರೆಟರಿ, ಗ್ರೌಂಡ್ ನೋಡ್ಕೊಳ್ಳೋರು ಎಲ್ಲಾ ಹೇಳಿ ಚಪ್ಪಾಳೆ ಹೊಡಿಸ್ಕೊಂಡು ಕೂತೆ. ಮೂರನೇ ಸಾಲಲ್ಲಿ ನಮ್ಮ ಸ್ಕೋರರ್ ಅಕ್ಕ ಕೂತಿದ್ರು, ಆ ಸೀಸನ್‌ನ ಹದಿನಾಲ್ಕು ಮ್ಯಾಚಿಗೂ ಬಂದು ಸ್ಕೋರ್ ಬರೆದಿದ್ದೋರು. ಅವರ ಹೆಸರು ಬಾಯಿಗೇ ಬರ್ಲಿಲ್ಲ. ಅವರೇನೋ "ಪರವಾಗಿಲ್ಲ ಬಿಡಪ್ಪ" ಅಂದ್ರು, ಆದ್ರೆ ಮುಂದಿನ ಸೀಸನ್ ಶುರುವಾಗೋ ಹೊತ್ತಿಗೆ "ಈ ಸಲ ಬೇರೆ ಯಾರಾದ್ರೂ ನೋಡ್ಕೊಳ್ಳಿ" ಅಂತ ಮೆಸೇಜ್ ಬಂತು.

ನಾನು ಕ್ರಿಕೆಟ್ ಕ್ಲಬ್‌ನೇ ಉದಾಹರಣೆಗೆ ಇಟ್ಕೊಂಡು ಬರೀತಿದೀನಿ, ನಿಮ್ದು ಫುಟ್‌ಬಾಲೋ ವಾಲಿಬಾಲೋ ಆದ್ರೆ ಕೆಲಸಗಳ ಹೆಸರು ಬದಲಾಗುತ್ತೆ ಅಷ್ಟೇ.

ಬೇಕಾಗಿರೋದು

ಸೀಸನ್‌ನ ಸ್ಕೋರ್‌ಬುಕ್, ಟೀಮ್‌ನ ವಾಟ್ಸಾಪ್ ಗ್ರೂಪ್, ಯಾರ್ಯಾರು ಯಾವ ದಿನ ಡ್ಯೂಟಿ ಅಂತ ಬರೆದಿಟ್ಟಿದ್ರೆ ಆ ಶೀಟು. ಅಂಗೈ ಅಗಲದ ಎರಡು ದಪ್ಪ ಕಾರ್ಡು, ಕಪ್ಪು ಪೆನ್ನು, ಫೋನ್‌ನ ಸ್ಟಾಪ್‌ವಾಚು. ಮಾತನ್ನ ಫೋನಲ್ಲೇ ಬರ್ಕೊಂಡು ಹೋಗಿ ಓದ್ತೀನಿ ಅನ್ಬೇಡಿ, ಅರ್ಧದಲ್ಲಿ ಸ್ಕ್ರೀನ್ ಲಾಕ್ ಆಗುತ್ತೆ, ಅಥವಾ ಯಾರೋ ಕಾಲ್ ಮಾಡ್ತಾರೆ.

ಹಂತ 1: ಲಿಸ್ಟ್ ಮಾಡೋದು (ಹತ್ತು ದಿನ ಮುಂಚೆ)

ನೆನಪಿಂದ ಲಿಸ್ಟ್ ಮಾಡ್ಬೇಡಿ. ನೆನಪಿಗೆ ಬರೋದು ಮೈದಾನದ ಒಳಗೆ ಕಂಡವರು ಮಾತ್ರ, ರನ್ ಹೊಡೆದವ್ರು, ಕ್ಯಾಚ್ ಬಿಟ್ಟವ್ರು. ಬೌಂಡರಿ ಆಚೆ ಕೆಲಸ ಮಾಡಿದವ್ರು ನಿಮ್ಮ ಕಣ್ಣಿಗೆ ಬಿದ್ದಿರೋದೇ ಕಡಿಮೆ, ಯಾಕಂದ್ರೆ ಅವರು ಕೆಲಸ ಮಾಡ್ತಿದ್ದಾಗ ನೀವು ಫೀಲ್ಡ್ ಸೆಟ್ ಮಾಡ್ತಾ ಇದ್ರಿ.

ಅದಕ್ಕೆ ಒಂದು ಮ್ಯಾಚ್ ದಿನವನ್ನ ಬೆಳಗಿಂದ ರಾತ್ರಿವರೆಗೂ ಮನಸ್ಸಲ್ಲೇ ನಡ್ಕೊಂಡು ಹೋಗಿ, ಪ್ರತಿ ಜಾಗದಲ್ಲೂ ನಿಂತು "ಇದನ್ನ ಮಾಡಿದ್ದು ಯಾರು?" ಅಂತ ಕೇಳ್ಕೊಂಡು ಹೆಸರು ಬರೀರಿ. ಗೇಟಿನ ಬೀಗ ತೆಗೆದಿದ್ದು ಯಾರು? ಪಿಚ್‌ಗೆ ರೋಲರ್ ಎಳೆದಿದ್ದು, ಕ್ರೀಸಿಗೆ ಸುಣ್ಣದ ಗೆರೆ ಹಾಕಿದ್ದು, ಬೌಂಡರಿ ಫ್ಲ್ಯಾಗ್ ನೆಟ್ಟಿದ್ದು? ಕಿಟ್ ಬ್ಯಾಗ್ ಯಾರ ಮನೇಲಿತ್ತು, ಯಾರ ಗಾಡೀಲಿ ಬಂತು? ನಮ್ಮ ಕಡೆಯಿಂದ ಅಂಪೈರ್ ಯಾರು ನಿಂತ್ರು? ಸ್ಕೋರ್ ಬರೆದಿದ್ದು, ಸ್ಕೋರ್‌ಬೋರ್ಡಿನ ನಂಬರ್ ತಿರುಗಿಸ್ತಾ ಕೂತಿದ್ದು? ನೀರು ತುಂಬಿಸಿಟ್ಟಿದ್ದು, ಫಸ್ಟ್ ಏಡ್ ಡಬ್ಬ ಹಿಡ್ಕೊಂಡು ಓಡಿದ್ದು? ಕೊನೇಗೆ ಎಲ್ಲರೂ ಹೋದ್ಮೇಲೆ ಸ್ಟಂಪ್ ಎತ್ತಿಟ್ಟು ಕಸ ಗುಡಿಸಿದ್ದು? ಆಮೇಲೆ ಮ್ಯಾಚ್ ಇಲ್ಲದ ದಿನಗಳು: ಗ್ರೌಂಡ್ ಬುಕ್ ಮಾಡಿದ್ದು, ಫೀಸ್ ವಸೂಲಿ ಮಾಡಿದ್ದು (ಎಲ್ಲರ ಹತ್ರ ಬೈಸ್ಕೊಳ್ಳೋ ಕೆಲಸ ಇದೊಂದೇ), ಜೆರ್ಸಿ ಮಾಡಿಸಿದ್ದು, ಫೋಟೋ ತೆಗೆದಿದ್ದು.

ಇದಾದ್ಮೇಲೆ ಸ್ಕೋರ್‌ಬುಕ್ ತೆಗೀರಿ. ಪ್ರತಿ ಮ್ಯಾಚಿನ ಪುಟದಲ್ಲೂ ಅಂಪೈರು, ಸ್ಕೋರರ್ ಹೆಸರಿಗೆ ಜಾಗ ಇರುತ್ತೆ, ಬರೆದಿದ್ರೆ ಪುಣ್ಯ. ಪ್ಲೇಯಿಂಗ್ ಇಲೆವೆನ್ ನೋಡ್ತಾ ಹೋಗಿ, ಒಂದೇ ಮ್ಯಾಚ್ ಆಡಿದವ್ರು ಸಿಗ್ತಾರೆ: ಯಾರೋ ಕೈ ಕೊಟ್ಟಾಗ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದ್ರೆ ಎಂಟಕ್ಕೆ ಶೂ ಹಾಕ್ಕೊಂಡು ಬಂದ ಹುಡುಗ. ಸೀಸನ್ ಮಧ್ಯ ಗಾಯ ಮಾಡ್ಕೊಂಡು ಕೂತವ್ರ ಹೆಸರೂ ಅಲ್ಲೇ ಸಿಗೋದು, ಮೊದಲ ನಾಕು ಮ್ಯಾಚಲ್ಲಿ ಇರ್ತಾರೆ, ಆಮೇಲೆ ಇರಲ್ಲ. ಬಿಟ್ಟು ಹೋಗೋದ್ರಲ್ಲಿ ಇವ್ರದ್ದೇ ನಂಬರ್ ಒನ್ ಸ್ಥಾನ. ವಾಟ್ಸಾಪ್ ಗ್ರೂಪಲ್ಲಿ "ನಾನು ಬರ್ತೀನಿ", "ಕೀ ನನ್ನತ್ರ ಇದೆ" ಅಂತ ಸರ್ಚ್ ಹೊಡೀರಿ, ಇನ್ನೆರಡು ಹೆಸರಾದ್ರೂ ಉದುರುತ್ತೆ.

ಲಿಸ್ಟ್ ಆದ್ಮೇಲೆ ಇಬ್ಬರಿಗೆ ತೋರಿಸಿ, ಒಬ್ಬರು ಕಮಿಟಿಯವ್ರು, ಇನ್ನೊಬ್ಬರು ಆಡದೇ ಇರೋ ವಾಲಂಟಿಯರ್. ಇಲ್ಲಿ ಕೇಳೋ ರೀತಿ ಮುಖ್ಯ. "ಯಾರಾದ್ರೂ ಬಿಟ್ಟೋಗಿದ್ದಾರಾ?" ಅಂದ್ರೆ ಲಿಸ್ಟ್ ಮೇಲೆ ಕಣ್ಣಾಡಿಸಿ "ಎಲ್ಲಾ ಇದೆ" ಅಂತಾರೆ. ಅದರ ಬದಲು "ನೀವು ಬರಕ್ಕಾಗದೇ ಇದ್ದ ದಿನ ನಿಮ್ಮ ಕೆಲಸ ಮಾಡಿದ್ದು ಯಾರು?" ಅಂತ ಕೇಳಿ. ನಮ್ಮಲ್ಲಿ ಹೀಗೆ ಕೇಳಿದಾಗ್ಲೇ ಗೊತ್ತಾಗಿದ್ದು, ಗ್ರೌಂಡ್ ನೋಡ್ಕೊಳ್ಳೋರಿಗೆ ಹುಷಾರಿಲ್ಲದ ಮೂರು ವಾರ ಅವರ ಮಗನೇ ಬಂದು ನೀರು ಹಾಯಿಸಿದ್ದ ಅಂತ, ಆ ಹುಡುಗನ್ನ ನಮ್ಮಲ್ಲಿ ಅರ್ಧ ಜನ ನೋಡೇ ಇರ್ಲಿಲ್ಲ.

ಹಂತ 2: ಯಾರಿಗೆ ಎಷ್ಟು ಮಾತು ಅಂತ ಹಂಚೋದು

ಈಗ ನಿಮ್ಮತ್ರ ಮೂವತ್ತು ನಲವತ್ತು ಹೆಸರು ಇರುತ್ತೆ. ಎಲ್ಲರಿಗೂ ಒಂದೊಂದು ಕಥೆ ಹೇಳಕ್ಕೆ ಹೋದ್ರೆ ಅರ್ಧ ಗಂಟೆ ಆಗುತ್ತೆ, ಬರೀ ಹೆಸರು ಓದಿದ್ರೆ ಹಾಜರಿ ಕರೆದ ಹಾಗೆ ಇರುತ್ತೆ. ನಾನು ಮಾಡೋದು ಇಷ್ಟು: ಐದರಿಂದ ಏಳು ಜನಕ್ಕೆ ಸ್ವಂತ ವಾಕ್ಯ, ಉಳಿದವ್ರಿಗೆ ಕೆಲಸದ ಗುಂಪಿನ ಜೊತೆ ಹೆಸರು. ಸ್ವಂತ ವಾಕ್ಯ ಯಾರಿಗೆ ಅಂದ್ರೆ, ಅವರು ಇಲ್ದೇ ಇದ್ದಿದ್ರೆ ಯಾವುದಾದ್ರೂ ಒಂದು ಮ್ಯಾಚ್ ನಡೀತಾನೇ ಇರ್ಲಿಲ್ಲ ಅನ್ನೋರಿಗೆ. ಟಾಪ್ ಸ್ಕೋರರ್‌ಗೆ ಹೇಗೂ ಕಪ್ ಕೊಡ್ತಾರೆ, ಅವನಿಗೆ ಇಲ್ಲಿ ವಾಕ್ಯ ಬೇಡ.

ಒಂದು ನಿಯಮ ಮಾತ್ರ ಮುರೀಬೇಡಿ. ಒಂದು ಗುಂಪಿನ ಹೆಸರು ಹೇಳಿದ್ರೆ ಪೂರ್ತಿ ಹೇಳಿ, ಇಲ್ಲಾಂದ್ರೆ ಗುಂಪಿನ ಹೆಸರು ಮಾತ್ರ ಹೇಳಿ. ರೋಲರ್ ಎಳೆದ ಐದು ಜನರಲ್ಲಿ ನಾಕು ಜನರ ಹೆಸರು ಹೇಳಿ "ಮತ್ತೆ ಇತರರು" ಅಂದ್ರೆ ಆ "ಇತರರು" ಒಬ್ಬನೇ, ಅವನು ನಿಮ್ಮನ್ನೇ ನೋಡ್ತಾ ಕೂತಿರ್ತಾನೆ. ಯಾರನ್ನೂ ಹೆಸರಿಸದೇ "ರೋಲರ್ ಎಳೆದೋರೆಲ್ಲ ಒಂದ್ಸಲ ಎದ್ದು ನಿಲ್ಲಿ" ಅಂದಿದ್ರೆ ಯಾರಿಗೂ ಬೇಜಾರಿಲ್ಲ.

ಅವತ್ತು ಬೇರೆ ಯಾರ್ಯಾರು ಮಾತಾಡ್ತಾರೆ ಅಂತಾನೂ ಕೇಳಿಟ್ಕೊಳ್ಳಿ. ಸ್ಪಾನ್ಸರ್‌ಗೆ ಥ್ಯಾಂಕ್ಸ್ ಅಧ್ಯಕ್ಷರು ಹೇಳ್ತಾರಾ ನೀವಾ? ಇಬ್ಬರೂ ಹೇಳಿದ್ರೆ ಬೋರು, ಇಬ್ಬರೂ ಹೇಳ್ದೇ ಇದ್ರೆ ಮುಂದಿನ ವರ್ಷ ಜೆರ್ಸಿ ಮೇಲೆ ಆ ಹೆಸರು ಇರಲ್ಲ.

ಹಂತ 3: ಒಬ್ಬೊಬ್ಬರಿಗೆ ಒಂದು ಕೆಲಸ ಹುಡುಕೋದು

ಜಾಸ್ತಿ ಜನ ಎಡವೋ ಜಾಗ ಇದೇ. "ನಮ್ಮ ಸ್ಕೋರರ್ ಅಕ್ಕ ಇಡೀ ಸೀಸನ್ ತುಂಬಾ ಶ್ರಮ ಪಟ್ಟಿದ್ದಾರೆ, ಅವರ ಸಹಕಾರ ಮರೆಯೋ ಹಾಗಿಲ್ಲ" ಅಂತೀರಿ. ಈಗ ಸ್ಕೋರರ್ ಅನ್ನೋ ಕಡೆ ಡ್ರೈವರ್ ಅಂತ ಹಾಕಿ ನೋಡಿ, ಫೋಟೋಗ್ರಾಫರ್ ಅಂತ ಹಾಕಿ ನೋಡಿ, ವಾಕ್ಯ ಆರಾಮಾಗಿ ಕೂರುತ್ತೆ. ಹಾಗೆ ಕೂತ್ರೆ ಆ ವಾಕ್ಯ ಯಾರದ್ದೂ ಅಲ್ಲ ಅಂತ ಅರ್ಥ, ಹೊಡೆದು ಹಾಕಿ. ಹೆಸರು ಬದಲಾಯಿಸಿದ ತಕ್ಷಣ ಸುಳ್ಳಾಗೋ ವಾಕ್ಯ ಬೇಕು.

ಎರಡನೇ ವರ್ಷ ಅಕ್ಕನ್ನ ಒಪ್ಪಿಸಿ ವಾಪಸ್ ಕರ್ಕೊಂಡು ಬಂದ್ವಿ, ಆ ಸೀಸನ್ ಕೊನೇಲಿ ನಾನು ಹೇಳಿದ್ದು ಹೇಗೆ ತಯಾರಾಯ್ತು ಅಂತ ಹೇಳ್ತೀನಿ. ಮೊದಲು ಅವರ ಪಕ್ಕ ಕೂತು ಸ್ಕೋರ್‌ಬೋರ್ಡ್ ತಿರುಗಿಸ್ತಿದ್ದ ಹುಡುಗನ್ನ ಕೇಳ್ದೆ, "ಅಕ್ಕ ಈ ವರ್ಷ ಯಾವತ್ತಾದ್ರೂ ತಲೆ ಕೆಡಿಸ್ಕೊಂಡಿದ್ರಾ?" ಅಂತ. ಅವನು ಒಂದು ಮ್ಯಾಚ್ ಹೇಳ್ದ. ನಾವು ಮೊದಲು ಬ್ಯಾಟಿಂಗ್, ಇನ್ನಿಂಗ್ಸ್ ಬ್ರೇಕಲ್ಲಿ ನಮ್ಮ ಬುಕ್ಕಲ್ಲಿ 144, ಎದುರು ಟೀಮ್ ಬುಕ್ಕಲ್ಲಿ 141. ಎಲ್ಲರೂ ನೀರು ಕುಡೀತಾ ಹರಟೆ ಹೊಡೀತಿದ್ವಿ, ಅಕ್ಕ ಮಾತ್ರ ಎದುರು ಸ್ಕೋರರ್ ಪಕ್ಕ ಕೂತು ಒಂದೊಂದೇ ಓವರ್ ತಾಳೆ ನೋಡ್ಕೊಂಡು ಹೋದ್ರು. 17ನೇ ಓವರಲ್ಲಿ ಓಡಿದ್ದ ಮೂರು ಲೆಗ್ ಬೈ ಆ ಕಡೆ ಬುಕ್ಕಲ್ಲಿ ಬಿದ್ದೇ ಇರ್ಲಿಲ್ಲ. ಅಂಪೈರ್ ಹತ್ರಾನೂ ಕೇಳಿ ಖಾತ್ರಿ ಮಾಡ್ಕೊಂಡು 144 ಅಂತ ಸರಿ ಮಾಡಿಸಿದ್ರು. ಎದುರು ಟೀಮ್ ಕೊನೇಗೆ ಹೊಡೆದಿದ್ದು 142.

ನಾನು ಅವತ್ತು ಮೈಕಲ್ಲಿ ಹೇಳಿದ್ದು ಹೀಗೆ:

"ಎರಡು ರನ್ನಲ್ಲಿ ಗೆದ್ವಲ್ಲ, ಆ ಮ್ಯಾಚ್ ನೆನಪಿದೆಯಾ? ಕೊನೇ ಓವರ್ ನಾನೇ ಹಾಕಿದ್ದು ಅಂತ ಇನ್ನೂ ಹೇಳ್ಕೊಂಡು ಓಡಾಡ್ತಿದೀನಿ. ಆದ್ರೆ ಬ್ರೇಕಲ್ಲಿ ನಾವೆಲ್ಲ ಕಾಲು ಚಾಚ್ಕೊಂಡು ಕೂತಿದ್ದಾಗ, ಎದುರು ಟೀಮ್ ಬರ್ಕೊಳ್ಳದೇ ಇದ್ದ ಮೂರು ಲೆಗ್ ಬೈನ 17ನೇ ಓವರಿಂದ ಹುಡುಕಿ ತೆಗೆದವ್ರು ಒಬ್ಬರಿದ್ದಾರೆ. ಆ ಮೂರು ರನ್ ಇಲ್ದಿದ್ರೆ ನಾನು ಕೊನೇ ಓವರ್ ಹಾಕಿ ಸೋತಿರ್ತಿದ್ದೆ. ಆ ಮ್ಯಾಚ್ ಗೆಲ್ಲಿಸಿದ್ದು ಪೆನ್ಸಿಲು. ಪೆನ್ಸಿಲ್ ಹಿಡಿದಿದ್ದು..."

ಅಂತ ಹೇಳಿ ಅವರ ಹೆಸರು ಹೇಳ್ದೆ. ಮಾತು ಇಷ್ಟೇ, ಅರ್ಧ ನಿಮಿಷ. "ಶ್ರಮ" ಅನ್ನೋ ಪದ ಎಲ್ಲೂ ಇಲ್ಲ ನೋಡಿ.

ಹೆಸರು ಎಲ್ಲಿಟ್ಟೆ ಅನ್ನೋದನ್ನೂ ಗಮನಿಸಿ. ಹೆಸರು ಮೊದಲೇ ಹೇಳಿದ್ರೆ ಚಪ್ಪಾಳೆ ಆಗ್ಲೇ ಶುರುವಾಗುತ್ತೆ, ಆ ಗಲಾಟೇಲಿ ಅವರು ಏನು ಮಾಡಿದ್ರು ಅನ್ನೋದು ಮುಳುಗಿ ಹೋಗುತ್ತೆ. ನಮ್ಮ ಭಾಷೇಲಿ "ಪ್ರತಿ ಭಾನುವಾರ ಆರು ಗಂಟೆಗೆ ಬೀಗ ತೆಗೆದಿದ್ದು ಇವರು" ಅಂತ ಹೆಸರನ್ನ ಕೊನೇಗೆ ತಳ್ಳೋದು ಸುಲಭ, ಬಾಯಿಗೂ ಸಹಜ. ಕೆಲಸ ಮೊದಲು, ಹೆಸರು ಆಮೇಲೆ, ಅಲ್ಲಿಗೆ ನಿಲ್ಲಿಸಿ. ಚಪ್ಪಾಳೆ ಇಳಿಯೋ ತನಕ ಬಾಯಿ ಮುಚ್ಕೊಂಡಿರಿ.

ಕೆಲಸ ಹುಡುಕುವಾಗ ಎರಡು ಎಚ್ಚರಿಕೆ. ಯಾರ ಕಾಯಿಲೆ, ದುಡ್ಡಿನ ತಾಪತ್ರಯ, ಮನೆ ಜಗಳ ಇವೆಲ್ಲ "ಇಷ್ಟೆಲ್ಲ ಕಷ್ಟ ಇದ್ರೂ ಬಂದ್ರು" ಅಂತ ಹೊಗಳೋ ನೆಪದಲ್ಲೂ ಬಾಯಿಗೆ ಬರಬಾರದು, ಅವರನ್ನ ಕೇಳಿ ಒಪ್ಪಿದ್ರೆ ಮಾತ್ರ. ಇನ್ನೊಂದು, ಕೆಲವರಿಗೆ ಎಲ್ಲರೆದುರು ಎದ್ದು ನಿಲ್ಲೋದು ಅಂದ್ರೆ ಹಿಂಸೆ. ಹಿಂದಿನ ದಿನ "ನಿಮ್ಮ ಹೆಸರು ಹೇಳ್ತೀನಿ, ಕೂತಲ್ಲೇ ಇರಿ, ಏಳೋದು ಬೇಡ" ಅಂತ ಒಂದು ಮಾತು ಹೇಳಿಟ್ರೆ ಅವರೂ ಆರಾಮು.

ಹಂತ 4: ಯಾರು ಮೊದಲು, ಯಾರು ಕೊನೇಗೆ

ಸಾಮಾನ್ಯವಾಗಿ ಎಲ್ಲರೂ ಟೀಮಿಂದ ಶುರು ಮಾಡ್ತಾರೆ, "ಕೊನೇದಾಗಿ" ಅಂತ ವಾಲಂಟಿಯರ್ಸ್‌ಗೆ ಬರ್ತಾರೆ. ಉಲ್ಟಾ ಮಾಡಿ. ಟೀಮ್ ಬಗ್ಗೆ ಮಾತು ಶುರುವಾದ್ರೆ ಹುಡುಗ್ರು ಕೂಗಾಟ, ಕಾಲೆಳೆಯೋದು ಎಲ್ಲಾ ಶುರು, ಆ ಗದ್ದಲ ಆದ್ಮೇಲೆ ಸುಣ್ಣದ ಗೆರೆ ಹಾಕಿದವ್ರ ಬಗ್ಗೆ ಹೇಳಿದ್ರೆ ಯಾರೂ ಕೇಳಿಸ್ಕೊಳ್ಳಲ್ಲ. ಹಾಲ್ ಇನ್ನೂ ಸುಮ್ಮನಿರೋ ಮೊದಲ ಎರಡು ಮೂರು ನಿಮಿಷ ವಾಲಂಟಿಯರ್ಸ್‌ಗೆ ಕೊಡಿ.

ಶುರು ಮಾಡೋದು ಒಂದು ದೃಶ್ಯದಿಂದ. ಅಧ್ಯಕ್ಷರೇ, ಕಾರ್ಯದರ್ಶಿಗಳೇ, ವೇದಿಕೆ ಮೇಲಿರುವ ಗಣ್ಯರೇ ಅಂತ ಹತ್ತು ಜನರನ್ನ ಕರೆಯೋಷ್ಟರಲ್ಲಿ ಒಂದು ನಿಮಿಷ ಹೋಗಿರುತ್ತೆ. "ಎಲ್ಲರಿಗೂ ನಮಸ್ಕಾರ" ಸಾಕು. ಸೀಸನ್ ರಿಸಲ್ಟ್ ಎರಡೇ ವಾಕ್ಯ, ಎಲ್ಲರೂ ಅಲ್ಲೇ ಇದ್ರು, ಎಲ್ಲರಿಗೂ ಗೊತ್ತು. ಸೋತ ಸೀಸನ್ ಆಗಿದ್ರೆ ಯಾಕೆ ಸೋತ್ವಿ ಅಂತ ವಿವರಿಸಕ್ಕೆ ಹೋಗ್ಬೇಡಿ, ಥ್ಯಾಂಕ್ಸ್ ಹೇಳಕ್ಕೆ ನಿಂತವನು ಪೋಸ್ಟ್‌ಮಾರ್ಟಮ್ ಶುರು ಮಾಡಿದ್ರೆ ಅರ್ಧ ಜನ ತಲೆ ತಗ್ಗಿಸ್ತಾರೆ.

ವಾಲಂಟಿಯರ್ಸ್ ಆದ್ಮೇಲೆ ಮನೆಯವ್ರಿಗೆ ಒಂದು ವಾಕ್ಯ, ಆಮೇಲೆ ಟೀಮ್. ಟೀಮ್ ಒಳಗೆ ಮೊದಲು ಕ್ಲಬ್ ಬಿಟ್ಟು ಹೋಗ್ತಿರೋರು, ಆಮೇಲೆ ಗಾಯದಿಂದ ಹೊರಗೆ ಕೂತವ್ರು, ಆಮೇಲೆ ಎಲ್ಲರೂ ಒಟ್ಟಿಗೆ. ವೈಸ್ ಕ್ಯಾಪ್ಟನ್ ಕೊನೇಗೆ, ನಿಮ್ಮ ಕೋಪ ಎಲ್ಲಾ ತಡ್ಕೊಂಡಿರೋದು ಅವನೇ ತಾನೆ. ಅಲ್ಲಿಗೆ ಮುಗಿಸಿ ಮೈಕ್ ಮುಂದಿನವ್ರಿಗೆ ಕೊಡಿ. "ಕೊನೇದಾಗಿ ಒಂದು ಮಾತು" ಅಂತ ಎರಡನೇ ಸಲ ಬಾಯಿಗೆ ಬಂದ್ರೆ ಅದು ಅಪಾಯದ ಗಂಟೆ.

ಟೀಮ್ ಮೇಲೆ ತಮಾಷೆ ಮಾಡೋದಿದ್ರೆ ಮೊದಲು ನಿಮ್ಮ ಮೇಲೇ ಮಾಡ್ಕೊಳ್ಳಿ. ಕ್ಯಾಚ್ ಬಿಟ್ಟವನ ಬಗ್ಗೆ ಡ್ರೆಸ್ಸಿಂಗ್ ರೂಮಲ್ಲಿ ನಗೋದೇ ಬೇರೆ, ಅವನ ಅಪ್ಪ ಅಮ್ಮನ ಎದುರು ನಗೋದೇ ಬೇರೆ.

ಹಂತ 5: ಕಾರ್ಡು ಮತ್ತು ಟೈಮು

ಐದು ನಿಮಿಷ ದಾಟಬಾರದು. ಮೊದಲು ಪೂರ್ತಿ ಬರೀರಿ, ಮಾತಾಡೋ ಭಾಷೇಲೇ. ಬರೆದಿದ್ದನ್ನ ಎದ್ದು ನಿಂತು, ಜೋರಾಗಿ, ಸ್ಟಾಪ್‌ವಾಚ್ ಹಾಕಿ ಹೇಳಿ. ಮನಸ್ಸಲ್ಲೇ ಓದಿದ್ರೆ ಯಾವಾಗ್ಲೂ ಟೈಮ್ ಕಡಿಮೆ ಬರುತ್ತೆ, ಮೋಸ ಹೋಗ್ತೀರಿ. ಮನೇಲಿ ನಾಲ್ಕು ನಿಮಿಷ ಬಂದ್ರೆ ಚಪ್ಪಾಳೆ ನಗು ಸೇರಿ ಅಲ್ಲಿ ಐದಾಗುತ್ತೆ, ಅದು ಸರಿಯಾದ ಅಳತೆ. ಜಾಸ್ತಿ ಬಂದ್ರೆ ಮೊದಲು ಸೀಸನ್ ಕಥೆ ಕತ್ತರಿಸಿ, ಆಮೇಲೆ ಪ್ಲೇಯರ್ಸ್ ಜೋಕು. ಹೆಸರು ಮಾತ್ರ ಕತ್ತರಿಸ್ಬೇಡಿ.

ಆಮೇಲೆ ಆ ಪೇಪರ್ ಮನೇಲೇ ಬಿಟ್ಟು ಕಾರ್ಡಿಗೆ ಇಳಿಸ್ಕೊಳ್ಳಿ. ಹೆಸರು ದೊಡ್ಡಕ್ಷರದಲ್ಲಿ, ಪಕ್ಕ ಎರಡು ಮೂರು ಪದ ಅಷ್ಟೇ: "ಲೆಗ್ ಬೈ", "ಬೀಗ", "ಮೂರು ವಾರ ನೀರು". ಕಥೆ ನಿಮಗೆ ಗೊತ್ತೇ ಇದೆ, ಹೇಳ್ತೀರಿ. ಹೆಸರು ಮಾತ್ರ ಎಷ್ಟೇ ಪರಿಚಯ ಇದ್ರೂ ಕಾರ್ಡ್ ನೋಡೇ ಹೇಳಿ, ಮೈಕ್ ಮುಂದೆ ನಿಂತಾಗ ಹತ್ತು ವರ್ಷದ ಗೆಳೆಯನ ಹೆಸರೂ ಹಾರಿ ಹೋಗಿದ್ದು ನಾನೇ ನೋಡಿದೀನಿ. ಅಡ್ಡ ಹೆಸರಿಂದ ಮಾತ್ರ ಗೊತ್ತಿರೋರ ನಿಜವಾದ ಹೆಸರು ಮೊದಲೇ ಕೇಳಿ ಬರ್ಕೊಳ್ಳಿ.

ಹಂತ 6: ಆ ದಿನ

ಮಾತಿಗೆ ಇಪ್ಪತ್ತು ನಿಮಿಷ ಮುಂಚೆ ಕಾರ್ಡ್ ಹಿಡ್ಕೊಂಡು ಹಾಲ್ ಒಂದು ಸುತ್ತು ಹಾಕಿ. ಯಾರು ಬಂದಿಲ್ಲ ಅಂತ ಪೆನ್ನಲ್ಲಿ ಗುರುತು ಮಾಡ್ಕೊಳ್ಳಿ, ಅವರ ಹೆಸರನ್ನ "ಇವತ್ತು ಬರಕ್ಕಾಗಿಲ್ಲ" ಅಂತ ಸೇರಿಸಿ ಹೇಳ್ಬೇಕು. ಇಲ್ಲಾಂದ್ರೆ ಖಾಲಿ ಕುರ್ಚಿ ಕಡೆ ಕೈ ತೋರಿಸಿ ಎಲ್ಲರೂ ತಿರುಗಿ ಹುಡುಕೋ ಹಾಗಾಗುತ್ತೆ.

ಇನ್ನೊಂದು ತಮಾಷೆ ಏನಂದ್ರೆ, ನೀವು ಥ್ಯಾಂಕ್ಸ್ ಹೇಳ್ಬೇಕಾದ ವಾಲಂಟಿಯರ್ಸ್ ಆ ಹೊತ್ತಿಗೂ ಕೆಲಸಾನೇ ಮಾಡ್ತಿರ್ತಾರೆ! ಯಾರೋ ಹೊರಗೆ ಕುರ್ಚಿ ಇಳಿಸ್ತಿರ್ತಾರೆ, ಯಾರೋ ಅಡುಗೆ ಕೋಣೇಲಿ ಇರ್ತಾರೆ, ಅವರ ಹೆಸರಿಗೆ ಚಪ್ಪಾಳೆ ಬೀಳುತ್ತೆ, ಅವರಿಗೆ ಕೇಳಿಸೋದೇ ಇಲ್ಲ. ಇಬ್ಬರು ಪ್ಲೇಯರ್ಸ್‌ಗೆ ಮೊದಲೇ ಹೇಳಿಡಿ: ನಾನು ಎದ್ದು ನಿಂತ ತಕ್ಷಣ ನೀವು ಆ ಕೆಲಸ ತಗೊಂಡು ಅವರನ್ನ ಒಳಗೆ ಕಳಿಸಿ ಅಂತ.

ಮೈಕ್ ಗಲ್ಲದ ಹತ್ರ, ಒಂದು ಮುಷ್ಟಿ ದೂರ. ಹೆಸರು ಕಾರ್ಡಲ್ಲಿ ಒಂದ್ಸಲ ನೋಡ್ಕೊಂಡು, ಥ್ಯಾಂಕ್ಸ್ ಹೇಳುವಾಗ ಆ ವ್ಯಕ್ತಿ ಕಡೆ ನೋಡಿ.

ಮಾತು ಹಳಿ ತಪ್ತಿದೆ ಅಂತ ಗೊತ್ತಾಗೋದು ಚಪ್ಪಾಳೆಯಿಂದ. ಸತತ ಮೂರು ಹೆಸರಿಗೆ ಚಪ್ಪಾಳೆ ತೆಳ್ಳಗಾಗ್ತಾ ಬಂದ್ರೆ ನೀವು ಲಿಸ್ಟ್ ಓದೋ ಧಾಟಿಗೆ ಬಿದ್ದಿದ್ದೀರಿ. ಆಗ ಉಳಿದ ಗುಂಪುಗಳನ್ನ ಒಟ್ಟಿಗೆ ಎದ್ದು ನಿಲ್ಲಕ್ಕೆ ಹೇಳಿ, ಒಂದೇ ದೊಡ್ಡ ಚಪ್ಪಾಳೆ ಹೊಡಿಸಿ, ಟೀಮ್‌ಗೆ ಬನ್ನಿ. ಗಂಟಲು ಕಟ್ಟಿದ್ರೆ ವಿವರಣೆ ಬೇಡ, ನೀರು ಕುಡೀರಿ, ಕಾರ್ಡಲ್ಲಿರೋ ಮುಂದಿನ ಹೆಸರು ಓದಿ, ದನಿ ತಾನಾಗೇ ವಾಪಸ್ ಬರುತ್ತೆ.

ಹಂತ 7: ಇಷ್ಟಾದ್ರೂ ಹೆಸರು ಬಿಟ್ಟೋದ್ರೆ

ಮೈಕ್ ಕೈಲಿದ್ದಾಗ್ಲೇ ನೆನಪಾದ್ರೆ ಸುಲಭ. "ಒಂದು ಹೆಸರು ಬಿಟ್ಟೆ" ಅಂತ ನೇರವಾಗಿ ಹೇಳಿ, ಕೆಲಸ ಹೇಳಿ, ಹೆಸರು ಹೇಳಿ. ಅಯ್ಯೋ ಹೇಗೆ ಮರೆತೆ ಅಂತ ನಾಟಕ ಮಾಡಿದ್ರೆ ಥ್ಯಾಂಕ್ಸ್ ಅವರಿಗೆ ಹೋಗಲ್ಲ, ನಿಮ್ಮ ಮರೆವಿಗೆ ಹೋಗುತ್ತೆ.

ಆಮೇಲೆ ನೆನಪಾದ್ರೆ ಅವತ್ತೇ ರಾತ್ರಿ ಅವರ ಹತ್ರ ಹೋಗಿ ಅಥವಾ ಫೋನ್ ಮಾಡಿ. ಮೊದಲು ಗ್ರೂಪಲ್ಲಿ ಮೆಸೇಜ್ ಹಾಕ್ಬೇಡಿ, ಅವರ ಬೇಜಾರು ಎಲ್ಲರಿಗೂ ಗೊತ್ತಾಗೋ ಹಾಗೆ ಮಾಡಿದಂಗಾಗುತ್ತೆ. "ಟೈಮ್ ಸಾಲ್ಲಿಲ್ಲ" ಅನ್ನೋ ನೆಪ ಬೇಡ, ಅರ್ಧ ನಿಮಿಷದ ಮಾತಿಗೆ ಟೈಮ್ ಇರ್ಲಿಲ್ಲ ಅಂದ್ರೆ ಯಾರು ನಂಬ್ತಾರೆ. "ಮರೆತೆ, ತಪ್ಪು ನಂದು" ಅಂದು, ಮೈಕಲ್ಲಿ ಹೇಳ್ಬೇಕಾಗಿದ್ದ ಆ ಒಂದು ಕೆಲಸವನ್ನ ಅವರಿಗೇ ಹೇಳಿ. ಮುಂದೆ ಟೀಮೆಲ್ಲ ಸೇರಿದ ದಿನ ಎಲ್ಲರೆದುರು ಇನ್ನೊಂದ್ಸಲ ಹೇಳಿ.

ಕೂಟ ಮುಗಿದ್ಮೇಲೆ ಕಾರ್ಡ್ ಬಿಸಾಕ್ಬೇಡಿ, ಆ ಸೀಸನ್ ಸ್ಕೋರ್‌ಬುಕ್ಕಿನ ಕೊನೇ ಪುಟಕ್ಕೆ ಪಿನ್ ಹೊಡೀರಿ. ನಂದು ಈಗ್ಲೂ ಅಲ್ಲೇ ಇದೆ, ಮೇಲ್ಗಡೆ ಬಾಲ್‌ಪೆನ್ನಲ್ಲಿ "ಲೆಗ್ ಬೈ", ಅದರ ಪಕ್ಕ ಪೆನ್ಸಿಲಲ್ಲಿ ಅಕ್ಕ ಹಾಕಿರೋ ಟಿಕ್ ಮಾರ್ಕು.